ಯಂತ್ರದ ಕೈಗೆ ಕಣ್ಣಿನ ಲೆಕ್ಕ

ಹೊಸ ಕನ್ನಡಕ ಹಾಕಿಕೊಂಡು ಬಂದ ದಿನ ಅಜ್ಜ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದುಕೊಳ್ಳುತ್ತಾರೆ. ಕಾಫಿ ಲೋಟಕ್ಕೆ ಕೈ ಚಾಚಿದರೆ ಬೆರಳು ಲೋಟದ ಅಂಚಿಗೆ ತಗಲುತ್ತದೆ. ಎರಡು ದಿನ ಕಳೆಯಲಿ, ಎಲ್ಲ ಸರಿಹೋಗಿರುತ್ತದೆ. ಕಣ್ಣು ಹೇಳಿದ ಜಾಗಕ್ಕೂ ಕೈ ಮುಟ್ಟಿದ ಜಾಗಕ್ಕೂ ಇರುವ ವ್ಯತ್ಯಾಸವನ್ನು ಮಿದುಳು ಗಮನಿಸಿ, ಅಜ್ಜನಿಗೂ ತಿಳಿಸದೆ ತಿದ್ದಿಕೊಂಡುಬಿಟ್ಟಿರುತ್ತದೆ.

ಕ್ಯಾಮೆರಾ ಕಟ್ಟಿಕೊಂಡ ರೋಬಾಟ್ ತೋಳಿಗೆ ಈ ಅನುಕೂಲ ಇಲ್ಲ. ಅದರ ಕಣ್ಣು ಕೈಯ ಮೇಲೆ ಎಲ್ಲಿ ಕೂತಿದೆ, ಎಷ್ಟು ವಾಲಿದೆ ಎಂಬುದನ್ನು ಮನುಷ್ಯರೇ ಲೆಕ್ಕ ಹಾಕಿ ಹೇಳಬೇಕು. ಈ ಲೆಕ್ಕಕ್ಕೆ ‘ಹ್ಯಾಂಡ್-ಐ ಕ್ಯಾಲಿಬ್ರೇಶನ್’ ಎಂದು ಹೆಸರು. ಕನ್ನಡದಲ್ಲಿ ಕೈ-ಕಣ್ಣಿನ ಹೊಂದಾಣಿಕೆ ಎನ್ನಬಹುದು.

ಇಂಜಿನಿಯರಿಂಗ್ ಕಾಲೇಜೊಂದರ ಪ್ರಯೋಗಶಾಲೆಯನ್ನು ಊಹಿಸಿಕೊಳ್ಳಿ. ಮೇಜಿನ ಮೇಲೆ ಆರು ಕೀಲುಗಳ ತೋಳು. ಅದರ ಮಣಿಕಟ್ಟಿಗೆ ತಿರುಪಿನಿಂದ ಬಿಗಿದ ಪುಟ್ಟ ಕ್ಯಾಮೆರಾ. ಕೆಳಗೆ ತಟ್ಟೆಯಲ್ಲಿ ಬೋಲ್ಟುಗಳು. ಕ್ಯಾಮೆರಾ ಬೋಲ್ಟನ್ನು ನೋಡಬೇಕು, ಕಂಪ್ಯೂಟರು ಅದರ ಜಾಗ ಲೆಕ್ಕ ಹಾಕಬೇಕು, ಕೈ ಇಳಿದು ಎತ್ತಬೇಕು. ಅಂತಿಮ ವರ್ಷದ ವಿದ್ಯಾರ್ಥಿಗಳ ಪ್ರಾಜೆಕ್ಟ್ ಇಷ್ಟೇ. ಬೋಲ್ಟಿನ ತಲೆ 17 ಮಿಲಿಮೀಟರು ಅಗಲ. ಯಂತ್ರದ ಎರಡು ಬೆರಳು ಪೂರ್ತಿ ತೆರೆದರೆ 25 ಮಿಲಿಮೀಟರು. ಅಂದರೆ ಆಚೆ ಈಚೆ ತಲಾ ನಾಲ್ಕೇ ಮಿಲಿಮೀಟರಿನ ಸಡಿಲ.

ಮೊದಲ ಪ್ರಯತ್ನದಲ್ಲೇ ಕೈ ಸುಮಾರು 7 ಮಿಲಿಮೀಟರು ತಪ್ಪಿ ಇಳಿಯಿತು. ಬೆರಳಿನ ತುದಿ ಬೋಲ್ಟಿನ ತಲೆಗೆ ‘ಟಕ್’ ಎಂದು ಕುಟ್ಟಿತು. ತೋಳು ಅಲ್ಲಿಗೇ ನಿಂತಿತು. ಕ್ಯಾಮೆರಾ ಕೆಟ್ಟಿದೆ ಎಂದು ಒಬ್ಬನ ವಾದ, ತೋಳಿನ ಮೋಟಾರು ಸರಿಯಿಲ್ಲ ಎಂದು ಇನ್ನೊಬ್ಬಳ ವಾದ. ಎರಡೂ ಕೆಟ್ಟಿರಲಿಲ್ಲ. ಬೋಲ್ಟು ತನ್ನಿಂದ ಎಷ್ಟು ದೂರದಲ್ಲಿದೆ ಎಂದು ಕ್ಯಾಮೆರಾ ಸರಿಯಾಗಿಯೇ ಹೇಳಿತ್ತು. ಹೋಗೆಂದ ಜಾಗಕ್ಕೆ ತೋಳು ಸರಿಯಾಗಿಯೇ ಹೋಗಿತ್ತು. ಆದರೆ ‘ಕ್ಯಾಮೆರಾದಿಂದ ಇಷ್ಟು ದೂರ’ ಎಂಬ ಮಾತನ್ನು ‘ಕೈಯಿಂದ ಇಷ್ಟು ದೂರ’ ಎಂದು ಬದಲಾಯಿಸಬೇಕಲ್ಲ, ಆ ನಡುವಿನ ಲೆಕ್ಕ ತಪ್ಪಿತ್ತು.

ವಿದ್ಯಾರ್ಥಿಗಳು ಎಲ್ಲರೂ ಮಾಡುವ ಕೆಲಸವನ್ನೇ ಮಾಡಿದರು. ಕೈ 3 ಮಿಲಿಮೀಟರು ಎಡಕ್ಕೂ 6 ಮಿಲಿಮೀಟರು ಹಿಂದಕ್ಕೂ ತಪ್ಪುತ್ತಿದೆ ಎಂದು ಅಳೆದು, ಪ್ರೋಗ್ರಾಮಿನಲ್ಲಿ ಅಷ್ಟನ್ನು ಕೂಡಿಸಿದರು. ಬೋಲ್ಟು ಚೆನ್ನಾಗಿ ಎದ್ದು ಬಂತು. ಸಂತೋಷ! ಆದರೆ ತಟ್ಟೆಯ ಆಚೆ ಬದಿಗೆ ಹೋಗಿ, ಮಣಿಕಟ್ಟನ್ನು ಅರ್ಧ ಸುತ್ತು ತಿರುಗಿಸಿ ನೋಡಬೇಕಾದಾಗ ಅದೇ ಕೈ 13 ಮಿಲಿಮೀಟರಿಗೂ ಹೆಚ್ಚು ತಪ್ಪಿತು. ತಿದ್ದುಪಡಿಯಿಂದ ತಪ್ಪು ದುಪ್ಪಟ್ಟಾಗಿತ್ತು.

ಇದರಲ್ಲಿ ಒಂದು ಸುಳಿವು ಅಡಗಿದೆ. ಕ್ಯಾಮೆರಾ ಕೂತ ಜಾಗದ ಲೆಕ್ಕ ತಪ್ಪಿದ್ದರೆ, ಆ ತಪ್ಪು ಮೇಜಿಗೆ ಅಂಟಿಕೊಂಡಿರುವುದಿಲ್ಲ, ಕೈಗೆ ಅಂಟಿಕೊಂಡಿರುತ್ತದೆ. ಕೈ ತಿರುಗಿದರೆ ತಪ್ಪೂ ತಿರುಗುತ್ತದೆ. ಅರ್ಧ ಸುತ್ತಿಗೆ ಎಡದ ತಪ್ಪು ಬಲದ ತಪ್ಪಾಗುತ್ತದೆ. ಹಾಗಾಗಿ ಅದನ್ನು ಮೇಜಿನ ಲೆಕ್ಕದಲ್ಲಿ ಕೂಡಿಸಿ ಕಳೆದು ಸರಿಪಡಿಸಲಾಗದು.

ಹಾಗಾದರೆ ಸ್ಕೇಲು ಹಿಡಿದು ಕ್ಯಾಮೆರಾ ಎಲ್ಲಿದೆ ಎಂದು ಅಳೆಯಬಾರದೇಕೆ? ವಿದ್ಯಾರ್ಥಿಗಳು ಅಳೆದೇ ಇದ್ದರು: ಮಣಿಕಟ್ಟಿನ ನಡುವಿನಿಂದ ಬಲಕ್ಕೆ 60 ಮಿಲಿಮೀಟರು, ಮುಂದಕ್ಕೆ ಸೊನ್ನೆ. ಆದರೆ ಕ್ಯಾಮೆರಾ ಎಲ್ಲಿಂದ ‘ನೋಡುತ್ತದೆ’ ಎಂಬ ಬಿಂದು ಲೋಹದ ಡಬ್ಬಿಯ ಹೊರಗೆ ಗುರುತು ಹಾಕಿ ಇಟ್ಟಿರುವುದಿಲ್ಲ. ಅದು ಮಸೂರದ ಒಳಗೆಲ್ಲೋ, ಬೆಳಕಿನ ಕಿರಣಗಳೆಲ್ಲ ಹಾದುಹೋಗುವಂತೆ ಲೆಕ್ಕ ಸಿಗುವ ಒಂದು ಕಲ್ಪಿತ ಬಿಂದು. ಅಲ್ಲಿಗೆ ಸ್ಕೇಲು ತಲುಪದು. ವಾಲಿಕೆಯ ಮಾತಂತೂ ಇನ್ನೂ ಕಷ್ಟ. ಕ್ಯಾಮೆರಾ ಒಂದೇ ಒಂದು ಡಿಗ್ರಿ ವಾಲಿದ್ದರೆ ಬರಿಗಣ್ಣಿಗೆ ಗೊತ್ತಾಗುವುದೇ ಇಲ್ಲ. ಆದರೆ 400 ಮಿಲಿಮೀಟರು ದೂರದ ವಸ್ತುವಿನ ಜಾಗ 7 ಮಿಲಿಮೀಟರು ಸರಿದುಬಿಡುತ್ತದೆ. ತ್ರಿಕೋನಮಿತಿ ಕಲಿತವರು 400ನ್ನು ಟ್ಯಾನ್ 1 ಡಿಗ್ರಿಯಿಂದ ಗುಣಿಸಿ ನೋಡಬಹುದು.

ಅಳೆಯಲಾಗದ್ದನ್ನು ಕಂಡುಹಿಡಿಯುವುದು ಹೇಗೆ? ಕಾಗದ, ಪೆನ್ಸಿಲು ತೆಗೆದುಕೊಳ್ಳಿ. ಸದ್ಯಕ್ಕೆ ಮೇಜಿನ ಮೇಲೆ ಗ್ರಾಫ್ ಹಾಳೆ ಹಾಸಿದೆ, ಕ್ಯಾಮೆರಾ ನೇರ ಕೆಳಗೆ ನೋಡುತ್ತಿದೆ ಎಂದಿಟ್ಟುಕೊಳ್ಳಿ. ಬಲಕ್ಕೆ ಎಷ್ಟು, ಮುಂದಕ್ಕೆ ಎಷ್ಟು ಎಂಬ ಎರಡೇ ಸಂಖ್ಯೆ ಸಾಕು.

ಕೈಯ ನಡು (400, 200) ಎಂಬಲ್ಲಿ ನಿಂತಿದೆ. ಬೋಲ್ಟು ತನ್ನ ನಡುವಿನಿಂದ (–53, 8) ದೂರದಲ್ಲಿದೆ, ಎಂದರೆ 53 ಎಡಕ್ಕೆ, 8 ಮುಂದಕ್ಕೆ ಇದೆ ಎನ್ನುತ್ತದೆ ಕ್ಯಾಮೆರಾ. ಸ್ಕೇಲಿನ ಅಳತೆ (60, 0) ನಂಬಿದರೆ ಬೋಲ್ಟಿನ ಜಾಗ:

400 + 60 – 53 = 407
200 + 0 + 8 = 208

ಈಗ ಕೈಯನ್ನು ಅದೇ ಜಾಗದಲ್ಲಿ ನಿಲ್ಲಿಸಿ ಅರ್ಧ ಸುತ್ತು ತಿರುಗಿಸಿ. ಬೋಲ್ಟನ್ನು ಮುಟ್ಟಬೇಡಿ. ಕ್ಯಾಮೆರಾ ಈಗ (–73, –20) ಎನ್ನುತ್ತದೆ. ಕೈ ತಿರುಗಿರುವುದರಿಂದ ಅದರ ಬಲ ನಮ್ಮ ಎಡ, ಅದರ ಮುಂದು ನಮ್ಮ ಹಿಂದು. ಎಲ್ಲ ಚಿಹ್ನೆಗಳೂ ತಿರುಗುಮುರುಗಾಗುತ್ತವೆ:

400 – 60 + 73 = 413
200 – 0 + 20 = 220

ಅಲುಗದೆ ಕೂತ ಒಂದೇ ಬೋಲ್ಟಿಗೆ ಎರಡು ವಿಳಾಸ! ಬೋಲ್ಟು ನಡೆದಾಡುವುದಿಲ್ಲವಾದ್ದರಿಂದ (60, 0) ಎಂಬ ನಂಬಿಕೆಯೇ ತಪ್ಪು. ನಿಜವಾದ ಅಂತರ ಯಾವುದು? ಎರಡೂ ಸಲ ಒಂದೇ ವಿಳಾಸ ಬರುವಂಥದ್ದು. ಕ್ಯಾಮೆರಾ ಕೊಟ್ಟ ಎರಡು ಉತ್ತರಗಳನ್ನು ಕೂಡಿಸಿ (–126, –12), ಅರ್ಧ ಮಾಡಿ, ಚಿಹ್ನೆ ಬದಲಿಸಿ: (63, 6). ಈ ಅಂತರವನ್ನು ಹಾಕಿ ಮತ್ತೆ ಲೆಕ್ಕ ಮಾಡಿದರೆ ಎರಡೂ ಬಾರಿ (410, 214) ಬರುತ್ತದೆ. ಗಮನಿಸಿ, ಬೋಲ್ಟು ಎಲ್ಲಿದೆ ಎಂದು ಮೊದಲಿಗೆ ಯಾರಿಗೂ ಗೊತ್ತಿರಲಿಲ್ಲ, ಗೊತ್ತಿರಬೇಕಾಗಿಯೂ ಇರಲಿಲ್ಲ. ಅದು ಅಲುಗದೆ ಇದ್ದರೆ ಸಾಕಿತ್ತು.

ಈ ಪೆನ್ಸಿಲಿನ ಲೆಕ್ಕಕ್ಕೆ ಎರಡು ಕೊರತೆಗಳಿವೆ. ಕೈಯನ್ನು ಬುಗುರಿಯಂತೆ ನೇರ ನಿಂತ ಅಕ್ಷದ ಸುತ್ತ ಮಾತ್ರ ತಿರುಗಿಸಿದ್ದರಿಂದ ಕ್ಯಾಮೆರಾ ಎಷ್ಟು ಎತ್ತರದಲ್ಲಿದೆ ಎಂಬುದು ತಿಳಿಯಲೇ ಇಲ್ಲ. ಎತ್ತರ ಹೆಚ್ಚಿರಲಿ ಕಡಿಮೆ ಇರಲಿ, ಆ ತಿರುಗಾಟದಲ್ಲಿ ಏನೂ ಬದಲಾಗುವುದಿಲ್ಲ. ಇನ್ನೊಂದು, (63, 6) ಎಂಬುದರಲ್ಲಿ ಕ್ಯಾಮೆರಾ ಕೂತ ಜಾಗವೆಷ್ಟು, ಅದರ ವಾಲಿಕೆ ತಂದಿಟ್ಟ ಪಾಲೆಷ್ಟು ಎಂಬುದು ಬೆರೆತುಹೋಗಿದೆ. ಅದೇ ಎತ್ತರದಿಂದ ನೋಡುವವರೆಗೆ ನಡೆಯುತ್ತದೆ. ಕೈ ಇನ್ನಷ್ಟು ಮೇಲಿನಿಂದ ನೋಡಿದರೆ ಮತ್ತೆ ತಪ್ಪುತ್ತದೆ. ಪೂರ್ತಿ ಉತ್ತರಕ್ಕೆ ಆರು ಸಂಖ್ಯೆಗಳು ಬೇಕು: ಜಾಗಕ್ಕೆ ಮೂರು, ವಾಲಿಕೆಗೆ ಮೂರು.

ಆರನ್ನೂ ಪಡೆಯಲು ಬೋಲ್ಟಿನ ಬದಲು ಚದುರಂಗದ ಮಣೆಯಂತೆ ಕಪ್ಪು ಬಿಳಿ ಚೌಕಗಳನ್ನು ಅಚ್ಚು ಹಾಕಿದ ಹಾಳೆಯನ್ನು ಗಟ್ಟಿ ಫಲಕಕ್ಕೆ ಅಂಟಿಸಿ ಮೇಜಿನ ಮೇಲೆ ಇಡುತ್ತಾರೆ. ಉದ್ದಕ್ಕೆ 10, ಅಗಲಕ್ಕೆ 7 ಚೌಕ, ಒಂದೊಂದೂ 25 ಮಿಲಿಮೀಟರು. ಚೌಕಗಳು ಸಂಧಿಸುವ ಒಳಮೂಲೆಗಳು 54. ಚಿತ್ರದಲ್ಲಿ ಈ ಮೂಲೆಗಳು ಎಲ್ಲಿ ಬಿದ್ದಿವೆ, ದೂರದ ಚೌಕಗಳು ಎಷ್ಟು ಕುಗ್ಗಿವೆ ಎಂಬುದರಿಂದ ಫಲಕದಿಂದ ತಾನು ಎಷ್ಟು ದೂರದಲ್ಲಿ, ಎಷ್ಟು ಓರೆಯಾಗಿ ಇದ್ದೇನೆ ಎಂದು ಕ್ಯಾಮೆರಾದ ಪ್ರೋಗ್ರಾಮು ಲೆಕ್ಕ ಹಾಕುತ್ತದೆ. (ಅದಕ್ಕೂ ಮೊದಲು ಮಸೂರದ ಗುಣ ದೋಷ ತಿಳಿದಿರಬೇಕು. ಆ ಕೆಲಸವೂ ಇದೇ ಫಲಕದ ಚಿತ್ರಗಳಿಂದ ಆಗುತ್ತದೆ. ಝೆಂಗ್‌ಯೂ ಝಾಂಗ್ ಅವರು 2000ದಲ್ಲಿ ಪ್ರಕಟಿಸಿದ ವಿಧಾನ ಇಂದಿಗೂ ಬಳಕೆಯಲ್ಲಿದೆ.)

ಇಲ್ಲಿಂದ ಮುಂದಿನದನ್ನು ತಿಳಿಯಲು ಒಮ್ಮೆ ಘಟ್ಟದ ಬಸ್ಸು ಹತ್ತಬೇಕು. ಚಾರ್ಮಾಡಿ ಘಾಟಿಯಲ್ಲಿ ಬಸ್ಸು ಹೋಗುತ್ತಿದೆ. ಚಾಲಕ ಮುಂದೆ ಕೂತಿದ್ದಾನೆ, ಪ್ರಯಾಣಿಕನೊಬ್ಬ ಹಿಂದೆಲ್ಲೋ ಓರೆಯಾಗಿ ಕೂತು ಕಿಟಕಿಯ ಆಚೆ ನೋಡುತ್ತಿದ್ದಾನೆ. ಅವನು ಯಾವ ಸೀಟಿನಲ್ಲಿದ್ದಾನೆ ಎಂದು ಇಬ್ಬರ ವರದಿಯಿಂದಲೇ ಹೇಳಬೇಕು. ರಸ್ತೆ ನೇರವಾಗಿದ್ದರೆ ಸಾಧ್ಯವಿಲ್ಲ. ಬಸ್ಸು ಹತ್ತು ಮೀಟರು ಹೋದರೆ ಇಬ್ಬರೂ ಹತ್ತೇ ಮೀಟರು ಹೋಗುತ್ತಾರೆ. ‘ನಾನು ಬಲಗಡೆಗೆ ಸರಿದೆ’ ಎಂದು ಪ್ರಯಾಣಿಕ ಹೇಳಿದರೆ ಅವನು ಎಡಕ್ಕೆ ಮುಖ ಮಾಡಿ ಕೂತಿದ್ದಾನೆ ಎಂದು ಗೊತ್ತಾದೀತು, ಅಷ್ಟೇ, ಸೀಟು ಗೊತ್ತಾಗದು. ತಿರುವು ಬಂದಾಗ ಮಾತ್ರ ಗುಟ್ಟು ಹೊರಬೀಳುತ್ತದೆ. ಬಸ್ಸು ಎಷ್ಟು ಡಿಗ್ರಿ ತಿರುಗಿತೋ ಇಬ್ಬರೂ ಅಷ್ಟೇ ಡಿಗ್ರಿ ತಿರುಗುತ್ತಾರೆ. ಆದರೆ ಹಿಂದಿನವನು ಸಾಗಿದ ದಾರಿಯೇ ಬೇರೆ. ಆ ವ್ಯತ್ಯಾಸದಿಂದ ಅವನ ಸೀಟು ಎಷ್ಟು ಹಿಂದೆ, ಎಷ್ಟು ಪಕ್ಕಕ್ಕೆ ಎಂದು ಲೆಕ್ಕ ಹಾಕಬಹುದು.

ಚಾಲಕನ ಜಾಗದಲ್ಲಿ ಕೈಯನ್ನೂ ಪ್ರಯಾಣಿಕನ ಜಾಗದಲ್ಲಿ ಕ್ಯಾಮೆರಾವನ್ನೂ ಇಡಿ. ಕೈ ಒಂದು ಭಂಗಿಯಿಂದ ಇನ್ನೊಂದಕ್ಕೆ ಹೋದದ್ದನ್ನು ಅದರ ಕೀಲುಗಳ ಅಳತೆ ಹೇಳುತ್ತದೆ, ಅದು A. ಅದೇ ಚಲನೆಯನ್ನು ಫಲಕ ನೋಡಿ ಕ್ಯಾಮೆರಾ ತನ್ನ ಲೆಕ್ಕದಲ್ಲಿ ಹೇಳುತ್ತದೆ, ಅದು B. ಕ್ಯಾಮೆರಾ ಕೈಯ ಮೇಲೆ ಕೂತ ರೀತಿಯೇ ತಿಳಿಯದ X. ಮೂರನ್ನೂ ಬೆಸೆಯುವ ಸಮೀಕರಣ ಇಷ್ಟು ಚಿಕ್ಕದು:

AX = XB

ಗಣಿತದಲ್ಲಿ ಗುಣಾಕಾರದ ಕ್ರಮ ಬದಲಿಸಿದರೂ ಉತ್ತರ ಒಂದೇ ಎಂದು ಕಲಿತವರು ‘ಹಾಗಾದರೆ X ಹೊಡೆದುಹಾಕಬಹುದಲ್ಲ’ ಎಂದಾರು. ಇವು ಬರಿಯ ಸಂಖ್ಯೆಗಳಲ್ಲ, ಮಾತೃಕೆಗಳು. ಎಡದಿಂದ ಗುಣಿಸುವುದಕ್ಕೂ ಬಲದಿಂದ ಗುಣಿಸುವುದಕ್ಕೂ ವ್ಯತ್ಯಾಸವಿದೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಶಿಯು ಮತ್ತು ಅಹ್ಮದ್ ಈ ಸಮೀಕರಣವನ್ನು ಬಿಡಿಸುವ ಬಗೆಯನ್ನು 1989ರಲ್ಲಿ ವಿವರಿಸಿದರು. ಅದೇ ವರ್ಷ ಐಬಿಎಂ ಸಂಸ್ಥೆಯ ರೋಜರ್ ತ್ಸಾಯ್ ಹಾಗೂ ಅವರ ಜೊತೆಗಾರ ರೈಮಾರ್ ಲೆನ್ಸ್ ಇನ್ನೂ ಸರಳ ದಾರಿ ತೋರಿಸಿದರು: ಮೊದಲು ತಿರುಗುವಿಕೆಗಳನ್ನು ಮಾತ್ರ ಹೋಲಿಸಿ ವಾಲಿಕೆ ಕಂಡುಕೊಳ್ಳುವುದು, ಆಮೇಲೆ ಅದನ್ನು ಬಳಸಿ ಜಾಗ ಕಂಡುಕೊಳ್ಳುವುದು. ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದಾದ ಓಪನ್‌ಸಿವಿ ಎಂಬ ತಂತ್ರಾಂಶದಲ್ಲಿ `calibrateHandEye` ಎಂದು ಕರೆದರೆ, ಬೇರೆ ಹೇಳದಿದ್ದಲ್ಲಿ, ನಡೆಯುವುದು ತ್ಸಾಯ್ ಅವರ ಈ ಲೆಕ್ಕವೇ.

ಒಂದೇ ಅಕ್ಷದ ಸುತ್ತ ತಿರುಗಿದರೆ ಎತ್ತರ ಸಿಗದು ಎಂದು ಆಗಲೇ ಕಂಡೆವಲ್ಲ. ಆದ್ದರಿಂದ ಕೈಯನ್ನು ಕನಿಷ್ಠ ಎರಡು ಬೇರೆ ಬೇರೆ ದಿಕ್ಕಿನ ಅಕ್ಷಗಳ ಸುತ್ತ ತಿರುಗಿಸಲೇಬೇಕು. ಎರಡು ಚಲನೆ, ಮೂರು ಭಂಗಿ. ಲೆಕ್ಕಕ್ಕೆ ಇಷ್ಟು ಸಾಕು. ಆದರೆ ಪ್ರತಿ ಅಳತೆಯಲ್ಲೂ ಸಣ್ಣ ದೋಷ ಇರುವುದರಿಂದ ಹದಿನೈದು ಇಪ್ಪತ್ತು ಭಂಗಿಗಳಲ್ಲಿ ಚಿತ್ರ ತೆಗೆಯುವುದು ರೂಢಿ. ಹೊಸಬರು ಇಲ್ಲಿ ಎಡವುತ್ತಾರೆ. ಫಲಕ ಚಿತ್ರದಿಂದ ಹೊರಗೆ ಹೋದೀತೆಂಬ ಭಯದಿಂದ ಕೈಯನ್ನು ಅಲ್ಲಲ್ಲೇ ಸರಿಸಿ, ಎರಡು ಮೂರು ಡಿಗ್ರಿ ಮಾತ್ರ ವಾಲಿಸುತ್ತಾರೆ. ಅದು ನೇರ ರಸ್ತೆಯ ಬಸ್ಸಿನಂತೆಯೇ. ತಿರುವು ಮೂವತ್ತು ನಲವತ್ತು ಡಿಗ್ರಿಯಷ್ಟು ಧಾರಾಳವಾಗಿರಬೇಕು. ಒಮ್ಮೆ ಎಡಕ್ಕೆ, ಒಮ್ಮೆ ಮುಂದಕ್ಕೆ, ಒಮ್ಮೆ ತಿರುಚಿ. ಕಾರ್ಖಾನೆಗಳಲ್ಲಿ ಕಾಣುವ ‘ಸ್ಕಾರಾ’ ಎಂಬ ನಾಲ್ಕು ಚಲನೆಯ ತೋಳು ಮಣಿಕಟ್ಟನ್ನು ವಾಲಿಸಲಾರದು. ಅದಕ್ಕೆ ಈ ವಿಧಾನದಿಂದ ಎತ್ತರ ಎಂದಿಗೂ ದೊರೆಯದು. ಬೆರಳಿನ ತುದಿಯಿಂದ ಮೇಜನ್ನು ಮುಟ್ಟಿಸಿಯೇ ಕಂಡುಕೊಳ್ಳಬೇಕು.

ಪ್ರಯೋಗಶಾಲೆಗೆ ಮರಳೋಣ. ವಿದ್ಯಾರ್ಥಿಗಳು 15 ಭಂಗಿಗಳಲ್ಲಿ ಚಿತ್ರ ತೆಗೆದರು. ಪ್ರತಿ ಭಂಗಿಯಲ್ಲೂ ತೋಳಿನ ನಡುಕ ನಿಲ್ಲುವವರೆಗೆ ಒಂದೆರಡು ಸೆಕೆಂಡು ಕಾದರು. ಉತ್ತರ ಬಂತು. ಆದರೆ ಕೈ ಇನ್ನೂ ತಪ್ಪುತ್ತಲೇ ಇತ್ತು.

ಆಗ ಅವರ ಮೇಷ್ಟ್ರು ಬಸ್ಸಿನ ನಿಯಮವನ್ನೇ ಪರೀಕ್ಷೆಗೆ ಬಳಸಲು ಹೇಳಿದರು. ಒಂದೇ ಕೈಗೆ ಬಿಗಿದ ಕ್ಯಾಮೆರಾ ಕೈಯಷ್ಟೇ ತಿರುಗಬೇಕು. ಯಾವುದೇ ಎರಡು ಭಂಗಿಗಳ ನಡುವೆ ಕೈ 30 ಡಿಗ್ರಿ ತಿರುಗಿದೆ ಎಂದು ತೋಳು ಹೇಳಿದರೆ ಕ್ಯಾಮೆರಾ ಕೂಡ 30 ಎನ್ನಬೇಕು. X ಗೊತ್ತಿಲ್ಲದಿದ್ದರೂ ಈ ಹೋಲಿಕೆ ಮಾಡಬಹುದು. ವಿದ್ಯಾರ್ಥಿಗಳು ಪ್ರತಿ ಜೋಡಿಯನ್ನೂ ಹೋಲಿಸಿ ಪಟ್ಟಿ ಬರೆದರು. ಒಂದರಿಂದ ಒಂಬತ್ತರವರೆಗಿನ ಭಂಗಿಗಳು ತಮ್ಮತಮ್ಮಲ್ಲಿ ಚೆನ್ನಾಗಿ ಹೊಂದಿದವು. ಹತ್ತರಿಂದ ಹದಿನೈದೂ ತಮ್ಮತಮ್ಮಲ್ಲಿ ಹೊಂದಿದವು. ಆದರೆ ಮೊದಲ ಗುಂಪಿನ ಒಂದನ್ನೂ ಎರಡನೆಯ ಗುಂಪಿನ ಒಂದನ್ನೂ ಜೋಡಿ ಮಾಡಿದರೆ ಒಂದೂವರೆ ಡಿಗ್ರಿಯವರೆಗೂ ಜಗಳ. ಕಾರಣ ಹೊಳೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಒಂಬತ್ತನೆಯ ಚಿತ್ರವಾದ ಮೇಲೆ ಯಾರದೋ ಮೊಣಕೈ ತಾಗಿ ಫಲಕ ಸ್ವಲ್ಪ ತಿರುಗಿತ್ತು! ಫಲಕ ಅಲುಗದು ಎಂಬುದೇ ಇಡೀ ಲೆಕ್ಕದ ಬುನಾದಿ. ಅವರು ಅದನ್ನು ನಾಲ್ಕೂ ಕಡೆ ಟೇಪು ಹಾಕಿ ಅಂಟಿಸಿ ಮತ್ತೆ ಮೊದಲಿನಿಂದ ಶುರುಮಾಡಿದರು.

ಒಂದೆರಡು ಜೋಡಿಯಲ್ಲ, ಹೆಚ್ಚುಕಡಿಮೆ ಎಲ್ಲ ಜೋಡಿಗಳೂ ಹತ್ತಾರು ಡಿಗ್ರಿ ಜಗಳವಾಡಿದರೆ ದೋಷ ಫಲಕದ್ದಲ್ಲ, ಭಾಷೆಯದು. ತೋಳಿನ ವಾಲಿಕೆಯನ್ನು ಮೂರು ಸಂಖ್ಯೆಗಳಲ್ಲಿ ಹೇಳುವ ರೀತಿ ಒಂದೊಂದು ಕಂಪನಿಯದು ಒಂದೊಂದು. ಕೂಕಾ ಕಂಪನಿಯ ತೋಳು A, B, C ಎಂದು ಮೂರು ಕೋನಗಳನ್ನು ಒಂದಾದ ಮೇಲೊಂದು ತಿರುಗಿಸುವ ಕ್ರಮದಲ್ಲಿ, ಡಿಗ್ರಿಗಳಲ್ಲಿ ಕೊಡುತ್ತದೆ. ಯೂನಿವರ್ಸಲ್ ರೋಬಾಟ್ಸ್ ಕಂಪನಿಯ ತೋಳಿನ ಪ್ರೋಗ್ರಾಮಿನಲ್ಲಿ ಬರುವ ಮೂರು ಸಂಖ್ಯೆಗಳು ಹಾಗಲ್ಲ. ಅವು ಒಂದು ಅಕ್ಷವನ್ನೂ ಅದರ ಸುತ್ತ ಎಷ್ಟು ರೇಡಿಯನ್ ತಿರುಗಿದೆ ಎಂಬುದನ್ನೂ ಒಟ್ಟಿಗೆ ಹೇಳುತ್ತವೆ. ಒಂದನ್ನು ಇನ್ನೊಂದೆಂದು ಓದಿದರೆ ಪ್ರೋಗ್ರಾಮು ಗೊಣಗುವುದಿಲ್ಲ. ತಪ್ಪು ಉತ್ತರವನ್ನೇ ಆರೇಳು ದಶಮಾಂಶದವರೆಗೆ ಬರೆದು ಕೊಡುತ್ತದೆ.

ಈ ಕೋನದ ಪರೀಕ್ಷೆಗೂ ಸಿಗದ ಒಂದು ತಪ್ಪಿದೆ. ಹಾಳೆಯನ್ನು ಮುದ್ರಿಸುವಾಗ ಪ್ರಿಂಟರು ‘ಪುಟಕ್ಕೆ ಹೊಂದಿಸು’ ಎಂಬ ಆಯ್ಕೆಯಲ್ಲಿದ್ದರೆ 25 ಮಿಲಿಮೀಟರಿನ ಚೌಕ 24 ಆಗಿಬಿಡಬಹುದು. ಕೋನಗಳೆಲ್ಲ ಸರಿಯಾಗಿಯೇ ಇರುತ್ತವೆ, ದೂರ ಮಾತ್ರ ಸುಳ್ಳಾಗುತ್ತದೆ. ಚೌಕ ಚಿಕ್ಕದಾಗಿ ಕಂಡದ್ದು ದೂರದಿಂದ ಎಂದು ಕ್ಯಾಮೆರಾ ಭಾವಿಸಿ, 400 ಮಿಲಿಮೀಟರನ್ನು ಸುಮಾರು 417 ಎನ್ನುತ್ತದೆ. ಇದನ್ನು ಹಿಡಿಯಲು ಉಕ್ಕಿನ ಸ್ಕೇಲು ಸಾಕು: ಹತ್ತು ಚೌಕಗಳ ಉದ್ದ 250 ಇದೆಯೇ ನೋಡಿ. ಇಲ್ಲದಿದ್ದರೆ ಹಾಳೆ ಎಸೆಯಬೇಕಿಲ್ಲ, ಅಳೆದ ನಿಜವಾದ ಸಂಖ್ಯೆಯನ್ನೇ ಪ್ರೋಗ್ರಾಮಿಗೆ ಕೊಟ್ಟರಾಯಿತು.

ಎರಡನೆಯ ಸಲ ಎಲ್ಲ ಜೋಡಿಗಳೂ ಹೊಂದಿದವು. ಕೊನೆಯ ಪರೀಕ್ಷೆಗೆ ವಿದ್ಯಾರ್ಥಿಗಳು ಬೋಲ್ಟನ್ನು ಎತ್ತಿಸಲಿಲ್ಲ. ತಟ್ಟೆಯಲ್ಲಿ ಒಂದು ಬೋಲ್ಟಿಟ್ಟು, ಎಂಟು ಬೇರೆ ಬೇರೆ ದಿಕ್ಕು, ಓರೆ ಮತ್ತು ಎತ್ತರಗಳಿಂದ ಬರಿದೆ ನೋಡಿಸಿ, ಪ್ರತಿ ಸಲ ಬಂದ ವಿಳಾಸ ಬರೆದುಕೊಂಡರು. ಎತ್ತಿಸಿ ನೋಡಿದರೆ ಬೆರಳಿನ ತುದಿ ಎಲ್ಲಿದೆ ಎಂಬ ಇನ್ನೊಂದು ಅಳತೆಯ ತಪ್ಪೂ ಇದರಲ್ಲಿ ಬೆರೆಯುತ್ತದೆ, ಕೆಲವೊಮ್ಮೆ ಎರಡು ತಪ್ಪುಗಳು ಒಂದನ್ನೊಂದು ಮುಚ್ಚಿಹಾಕುತ್ತವೆ. ಮೊದಲು 13 ಮಿಲಿಮೀಟರು ಚೆದುರಿದ್ದ ವಿಳಾಸಗಳು ಈಗ ಒಂದು ಮಿಲಿಮೀಟರಿನೊಳಗೆ ಗುಂಪಾಗಿದ್ದವು. ಪೂರ್ತಿ ಸೊನ್ನೆ ಆಗುವುದಿಲ್ಲ. ಕೈಗಾರಿಕಾ ತೋಳು ಒಮ್ಮೆ ಹೋದ ಜಾಗಕ್ಕೇ ಮತ್ತೆ ಹೋಗುವುದರಲ್ಲಿ ಮಿಲಿಮೀಟರಿನ ನೂರನೆಯ ಕೆಲವು ಭಾಗಗಳಷ್ಟು ನಿಖರ. ಆದರೆ ‘ಇಂಥ ವಿಳಾಸಕ್ಕೆ ಹೋಗು’ ಎಂದರೆ ಅದು ಒಂದು ಮಿಲಿಮೀಟರಿನ ಹತ್ತಿರ ತಪ್ಪುವುದುಂಟು. ಕಣ್ಣಿನ ಲೆಕ್ಕ ಎಷ್ಟೇ ಸರಿಯಿದ್ದರೂ ಕೈಯ ಈ ದೋಷವನ್ನು ತೆಗೆಯಲಾಗದು. ನಾಲ್ಕು ಮಿಲಿಮೀಟರಿನ ಸಡಿಲಕ್ಕೆ ಅದು ಸಾಕಷ್ಟಾಯಿತು. ಬೋಲ್ಟುಗಳು ಎದ್ದು ಬಂದವು.

ಅಂದಹಾಗೆ, ಕ್ಯಾಮೆರಾ ಕೈಗೆ ಕಟ್ಟಿರದೆ ಮೇಜಿನ ಪಕ್ಕದ ಕಂಬದ ಮೇಲಿದ್ದರೆ ಫಲಕವನ್ನು ಕೈಯೇ ಹಿಡಿದು ಆಡಿಸಬೇಕು. ಸಮೀಕರಣ ಅದೇ; X ಮಾತ್ರ ತೋಳಿನ ಬುಡದಿಂದ ಕ್ಯಾಮೆರಾಕ್ಕೆ ಇರುವ ಸಂಬಂಧವಾಗುತ್ತದೆ.

ಪ್ರಾಜೆಕ್ಟ್ ಪರೀಕ್ಷೆಗೆ ಮೂರು ದಿನ ಮೊದಲು ಯಾರೋ ಮಸೂರ ಒರೆಸಲೆಂದು ಕ್ಯಾಮೆರಾ ಬಿಚ್ಚಿ ಮತ್ತೆ ಕೂರಿಸಿದರು. ಮೊದಲಿದ್ದಂತೆಯೇ ಕೂರಿಸಿದ್ದೇವೆ ಎಂದರು. ಬೋಲ್ಟಿನ ತಲೆಗೆ ಮತ್ತೆ ‘ಟಕ್’. ಹದಿನೈದು ಭಂಗಿಗಳ ಕೆಲಸ ಇನ್ನೊಮ್ಮೆ ಆಯಿತು. ಈಗ ಆ ಕ್ಯಾಮೆರಾದ ತಿರುಪಿನ ತಲೆಯಿಂದ ಪಟ್ಟಿಯವರೆಗೆ ಕೆಂಪು ಬಣ್ಣದ ಗೆರೆಯೊಂದನ್ನು ಎಳೆದಿದ್ದಾರೆ. ಬೆಳಿಗ್ಗೆ ಯಂತ್ರ ಚಾಲೂ ಮಾಡುವವರು ಮೊದಲು ಆ ಗೆರೆ ಮುರಿದಿದೆಯೇ ಎಂದು ನೋಡುತ್ತಾರೆ.